ಟೆರೇಸ್ ಮೇಲಿನ ಸೋಲಾರ್ ವಾಟರ್ ಹೀಟರ್ ಪೈಪಿಂಗ್: ತಣ್ಣೀರು, ಬಿಸಿನೀರು, ವೆಂಟ್, ಏರ್ ಲಾಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಪ್ಲಂಬಿಂಗ್ ಕೆಲಸ ಮಾಡುವವನು. ಸೋಲಾರ್ ಬಗ್ಗೆ ಬರುವ ಫೋನುಗಳಲ್ಲಿ ಹೆಚ್ಚಿನವು ನೀರು ಬಿಸಿಯಾಗುತ್ತಿಲ್ಲ ಅಂತ ಅಲ್ಲ. ಮೇಲೆ ಟ್ಯಾಂಕಿನಲ್ಲಿ ನೀರು ಕುದಿಯುವ ಹಾಗಿದೆ, ಕೆಳಗೆ ನಲ್ಲಿಯಲ್ಲಿ ಬರುತ್ತಿಲ್ಲ ಅಂತ. ಅದಕ್ಕೆ ಕಾರಣ ಬಹುಪಾಲು ಪೈಪಿನಲ್ಲೇ ಇರುತ್ತದೆ. ಇಲ್ಲಿ ಹೇಳಿರುವುದೆಲ್ಲ ನಮ್ಮ ಕಡೆ ಮನೆಗಳಲ್ಲಿ ಇರುವ ಸಾಮಾನ್ಯ ಸೋಲಾರ್‌ಗೆ ಸಂಬಂಧಿಸಿದ್ದು. ಅಂದರೆ ಗಾಜಿನ ಟ್ಯೂಬಿನದು ಅಥವಾ ಫ್ಲಾಟ್ ಪ್ಲೇಟಿನದು, ಪ್ರೆಶರ್ ಇಲ್ಲದ್ದು, ಓವರ್‌ಹೆಡ್ ಟ್ಯಾಂಕಿನಿಂದ ನೀರು ತೆಗೆದುಕೊಳ್ಳುವಂಥದ್ದು.

ಮೋಟಾರ್ ಇಲ್ಲ, ಪಂಪ್ ಇಲ್ಲ. ಬಿಸಿನೀರು ಕೆಳಗೆ ಬರುವುದು ಹೇಗೆ?

ತಣ್ಣೀರು ತಳ್ಳುವುದರಿಂದ. ಓವರ್‌ಹೆಡ್ ಟ್ಯಾಂಕಿನ ನೀರು ಸೋಲಾರ್ ಟ್ಯಾಂಕಿನ ತಳಕ್ಕೆ ಹೋಗುತ್ತದೆ. ಬಿಸಿನೀರು ಹಗುರ, ಅದು ಮೇಲೆ ನಿಂತಿರುತ್ತದೆ. ನೀವು ಬಚ್ಚಲಲ್ಲಿ ನಲ್ಲಿ ತಿರುಗಿಸಿದಾಗ ಕೆಳಗಿನಿಂದ ಒಂದು ಚೊಂಬು ತಣ್ಣೀರು ಒಳಗೆ ಬಂದರೆ ಮೇಲಿನಿಂದ ಒಂದು ಚೊಂಬು ಬಿಸಿನೀರು ಹೊರಗೆ ಹೋಗುತ್ತದೆ. ಅದಕ್ಕೇ ತಣ್ಣೀರಿನ ವಾಲ್ವ್ ಬಂದ್ ಆಗಿದ್ದರೆ, ಅಥವಾ ಮೇಲಿನ ಟ್ಯಾಂಕ್ ಖಾಲಿಯಾದರೆ, ಸೋಲಾರ್ ತುಂಬ ಬಿಸಿನೀರು ಇದ್ದರೂ ಸ್ವಲ್ಪ ಬಂದು ನಿಂತುಹೋಗುತ್ತದೆ. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ, ಏರ್ ಲಾಕ್ ಅಂತ ಕರೆಸಿ, ನೋಡಿದರೆ ಬರೀ ಗೇಟ್ ವಾಲ್ವ್ ಬಂದ್ ಆಗಿರೋದು ಎಷ್ಟೋ ಮನೆಗಳಲ್ಲಿ ಆಗಿದೆ. ಟ್ಯಾಂಕ್ ತೊಳೆಯಲು ಬಂದವರು ಬಂದ್ ಮಾಡಿ ಮರೆತಿರುತ್ತಾರೆ. ಮೊದಲು ಅದನ್ನು ನೋಡಿ.

ಓವರ್‌ಹೆಡ್ ಟ್ಯಾಂಕ್ ಎಷ್ಟು ಎತ್ತರದಲ್ಲಿ ಇರಬೇಕು?

ಅದರ ತಳವೇ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು. ಒಂದು ಅಡಿ ಜಾಸ್ತಿ ಇದ್ದರೆ ಒಳ್ಳೆಯದು. ಟ್ಯಾಂಕಿನ ತಳ ಅಂದೆ, ನೀರಿನ ಮಟ್ಟ ಅನ್ನಲಿಲ್ಲ, ಯಾಕಂದರೆ ನೀರಿನ ಮಟ್ಟ ದಿನವಿಡೀ ಏರಿಳಿಯುತ್ತದೆ, ತುಂಬಿದಾಗ ಸರಿಯಾಗಿ ಬಂದ ಬಿಸಿನೀರು ಅರ್ಧ ಖಾಲಿಯಾದಾಗ ನಿಂತುಹೋಗುವ ಮನೆಗಳಲ್ಲಿ ಎತ್ತರದ ಲೆಕ್ಕ ತಪ್ಪಿರುತ್ತದೆ. ಮನೆ ಕಟ್ಟುವಾಗಲೇ ಯಾವ ಸೋಲಾರ್ ಹಾಕಿಸುತ್ತೀರಿ ಅಂತ ತೀರ್ಮಾನ ಮಾಡಿ. ಅದರ ಸ್ಟ್ಯಾಂಡ್ ಸೇರಿಸಿ ಎತ್ತರ ಕೇಳಿಕೊಂಡು ಆಮೇಲೆ ಟ್ಯಾಂಕಿನ ಕಟ್ಟೆ ಕಟ್ಟಿಸಿ.

ಬಚ್ಚಲಿಗೆ ಹೋಗುವ ತಣ್ಣೀರಿನ ಪೈಪಿನಿಂದಲೇ ಒಂದು ಟೀ ಹಾಕಿ ಸೋಲಾರ್‌ಗೆ ಕೊಟ್ಟರೆ ಆಗಲ್ವಾ?

ಬೇಡ. ಪೈಪು, ದುಡ್ಡು ಉಳಿಯುತ್ತದೆ ಅಂತ ಮಾಡುತ್ತಾರೆ. ಆಮೇಲೆ ಕೆಳಗೆ ಯಾರಾದರೂ ತಣ್ಣೀರಿನ ನಲ್ಲಿ ಜೋರಾಗಿ ಬಿಟ್ಟರೆ ಸೋಲಾರ್‌ಗೆ ಹೋಗುವ ಒತ್ತಡ ಬೀಳುತ್ತದೆ, ಸ್ನಾನ ಮಾಡುವವರಿಗೆ ಬಿಸಿನೀರು ಸಣ್ಣಗಾಗುತ್ತದೆ. ಮೇಲಿನ ಟ್ಯಾಂಕಿನಲ್ಲಿ ನೀರು ಕಮ್ಮಿ ಇದ್ದರಂತೂ ಸೋಲಾರ್‌ನ ನೀರೇ ವಾಪಸ್ ತಣ್ಣೀರಿನ ಪೈಪಿಗೆ ಇಳಿಯುತ್ತದೆ. ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುತ್ತಿದೆ ಅಂತ ಹೇಳುವ ಮನೆಗಳಲ್ಲಿ ನಾನು ಮೊದಲು ಈ ಟೀ ಹುಡುಕುತ್ತೇನೆ.

ಟ್ಯಾಂಕಿಗೆ ಬೇರೆಯೇ ತೂತು ಹಾಕಿಸಿ, ಒಂದು ಇಂಚಿನ ಪೈಪನ್ನು ನೇರ ಸೋಲಾರ್‌ಗೆ ಕೊಡಿ. ಆ ತೂತು ಮನೆಯ ತಣ್ಣೀರಿನ ತೂತಿಗಿಂತ ಎರಡು ಇಂಚು ಮೇಲಿರಲಿ. ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ಆಗ ಬಿಸಿನೀರು ಮೊದಲು ನಿಲ್ಲುತ್ತದೆ, ತಣ್ಣೀರು ಆಮೇಲೆ. ಉಲ್ಟಾ ಆದರೆ ಶವರ್ ಕೆಳಗೆ ನಿಂತವರ ಮೇಲೆ ಬರೀ ಸುಡುನೀರು ಬೀಳುತ್ತದೆ. ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಇದು ತುಂಬ ಮುಖ್ಯ.

ಪೈಪು ಸೋಲಾರ್ ಟ್ಯಾಂಕಿಗೆ ಸೇರುವ ಮೊದಲು ಕೆಳಗೆ ಇಳಿದು, ಯು ಆಕಾರದಲ್ಲಿ ತಿರುಗಿ, ಮತ್ತೆ ಮೇಲೆ ಬಂದು ಸೇರಬೇಕು. ಬಿಸಿನೀರು ಕೆಳಮುಖವಾಗಿ ಹೋಗುವುದಿಲ್ಲ, ಆದ್ದರಿಂದ ಆ ಯು ಒಳಗೇ ನಿಲ್ಲುತ್ತದೆ. ಯು ತಳದಲ್ಲಿ ಒಂದು ಡ್ರೈನ್ ವಾಲ್ವ್ ಹಾಕಿ. ಬೋರ್ ನೀರಿನ ಮನೆಗಳಲ್ಲಿ ಉಪ್ಪು ಕಟ್ಟುತ್ತದಲ್ಲ, ಅದನ್ನು ತೊಳೆದು ಬಿಡಲು ಬೇಕಾಗುತ್ತದೆ. ಸೋಲಾರ್ ಹತ್ತಿರದ ಕೊನೆಯ ಮೂರು ನಾಲ್ಕು ಅಡಿ ತಣ್ಣೀರಿನ ಪೈಪು ಕೂಡ ಸಿಪಿವಿಸಿ ಇರಲಿ. ಬಿಳಿ ಪಿವಿಸಿ ಹಾಕಿದರೆ ಶಾಖಕ್ಕೆ ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ.

ತಣ್ಣೀರಿನ ಪೈಪಿಗೆ ಎನ್‌ಆರ್‌ವಿ ಹಾಕಲೇಬೇಕು ಅಂತಾರೆ, ಹಾಕಿಸಲಾ?

ಎನ್‌ಆರ್‌ವಿ ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್. ಬೇರೆ ಪೈಪು, ಯು ಬೆಂಡ್ ಎರಡೂ ಇದ್ದರೆ ನಾನು ಹಾಕುವುದಿಲ್ಲ. ನೀರು ಬಿಸಿಯಾದಾಗ ಹಿಗ್ಗುತ್ತದೆ. 200 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಬಂದರೆ ಸುಮಾರು 3 ಲೀಟರ್ ಜಾಸ್ತಿ ಆಗುತ್ತದೆ. ಎನ್‌ಆರ್‌ವಿ ಇಲ್ಲದಿದ್ದರೆ ಅಷ್ಟು ನೀರು ಸದ್ದಿಲ್ಲದೆ ತಣ್ಣೀರಿನ ಪೈಪಿನಲ್ಲೇ ಹಿಂದೆ ಸರಿಯುತ್ತದೆ. ಎನ್‌ಆರ್‌ವಿ ಹಾಕಿ ಆ ದಾರಿ ಮುಚ್ಚಿದರೆ ಅದಕ್ಕೆ ಉಳಿದದ್ದು ವೆಂಟ್, ಅಂದರೆ ಸೋಲಾರ್ ಟ್ಯಾಂಕಿನ ತಲೆಯಿಂದ ಮೇಲೆ ಹೋಗುವ ಬಾಯಿ ತೆರೆದ ಪೈಪು ಒಂದೇ. ಬಿಸಿಲು ಏರಿದ ಮೇಲೆ ದಿನಾ ವೆಂಟಿನಿಂದ ತೊಟ್ಟಿಕ್ಕುತ್ತದೆ, ಸಂಜೆ ನಿಲ್ಲುತ್ತದೆ. ಲೀಕ್ ಅಂತ ಮನೆಯವರು ಗಾಬರಿಯಾಗುತ್ತಾರೆ. ಜೊತೆಗೆ ನಮ್ಮಲ್ಲಿ ಒತ್ತಡ ಕಮ್ಮಿ, ಎನ್‌ಆರ್‌ವಿ ಒಳಗೆ ಉಪ್ಪು ಕಟ್ಟಿದರೆ ಅದು ತೆರೆಯುವುದೇ ಇಲ್ಲ.

ಬಿಸಿನೀರಿಗೆ ಯಾವ ಪೈಪು? ದಪ್ಪ ಪೈಪು ಹಾಕಿದರೆ ಜೋರಾಗಿ ಬರುತ್ತಾ?

ಸಿಪಿವಿಸಿ ಸಾಕು. ಸೋಲಾರ್‌ನಿಂದ ಹೊರಡುವಾಗ ಒಂದು ಇಂಚು, ಬಚ್ಚಲಿಗೆ ಇಳಿಯುವಾಗ ಮುಕ್ಕಾಲು ಇಂಚು. ಪೂರ್ತಿ ಒಂದು ಇಂಚು ಎಳೆದರೆ ಇನ್ನೊಂದು ತೊಂದರೆ. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪಿನಲ್ಲಿ ಒಂದು ಮೀಟರಿಗೆ ಸುಮಾರು ಕಾಲು ಲೀಟರ್ ನೀರು ನಿಂತಿರುತ್ತದೆ. 15 ಮೀಟರ್ ಪೈಪಿದ್ದರೆ ಬೆಳಿಗ್ಗೆ ಹೆಚ್ಚುಕಮ್ಮಿ 4 ಲೀಟರ್ ತಣ್ಣೀರು ಬಿಟ್ಟ ಮೇಲೆ ಬಿಸಿನೀರು. ಒಂದು ಇಂಚಾದರೆ ಅದು ಆರು ಲೀಟರ್ ದಾಟುತ್ತದೆ. ಬಿಸಿಲಿಗೆ ಕಾಣುವ ಪೈಪಿಗೆಲ್ಲ ಕಪ್ಪು ಫೋಮ್ ಸುತ್ತಿಸಿ, ಮೇಲೆ ಟೇಪ್ ಹಾಕಿಸಿ. ಬರೀ ಫೋಮ್ ಬಿಸಿಲಿಗೆ ಪುಡಿಯಾಗುತ್ತದೆ.

ಪೈಪಿನ ಅಳತೆಗಿಂತ ಮುಖ್ಯವಾದದ್ದು ಇಳಿಜಾರು. ಸೋಲಾರ್‌ನ ಬಿಸಿನೀರಿನ ಬಾಯಿಂದ ನಲ್ಲಿವರೆಗೆ ಪೈಪು ಇಳಿಯುತ್ತಲೇ ಹೋಗಬೇಕು. ಮೀಟರಿಗೆ ಒಂದು ಸೆಂಟಿಮೀಟರ್ ಇಳಿದರೂ ಸಾಕು. ನಡುವೆ ಎಲ್ಲೂ ಮೇಲೆ ಹತ್ತಿ ಇಳಿಯಬಾರದು. ಹತ್ತಿ ಇಳಿದ ಕಡೆ ಗಾಳಿ ಕೂರುತ್ತದೆ. ಎರಡೆರಡು ಅಡಿಗೆ ಕ್ಲಾಂಪ್ ಹಾಕಿ, ಯಾಕಂದರೆ ಸಿಪಿವಿಸಿ ಬಿಸಿಗೆ ಜೋತು ಬೀಳುತ್ತದೆ, ಹಾಗೆ ಜೋತುಬಿದ್ದರೆ ಇಳಿಜಾರು ಹೋಗಿ ಡುಬ್ಬ ಹುಟ್ಟುತ್ತದೆ.

ವೆಂಟ್ ಪೈಪ್ ಯಾಕೆ? ಎಷ್ಟು ಎತ್ತರ?

ಸೋಲಾರ್ ಟ್ಯಾಂಕಿನ ತಲೆಯಿಂದ ನೆಟ್ಟಗೆ ಮೇಲೆ ಹೋಗಿ, ತುದಿಯಲ್ಲಿ ಎರಡು ಎಲ್ಬೋ ಹಾಕಿ ಬಾಯಿ ಕೆಳಗೆ ಮಾಡಿರುವ ಪೈಪೇ ವೆಂಟ್. ಅದರ ತುದಿ ಓವರ್‌ಹೆಡ್ ಟ್ಯಾಂಕಿನ ತಲೆಗಿಂತ ಒಂದು ಅಡಿಯಾದರೂ ಮೇಲಿರಬೇಕು. ಸೋಲಾರ್ ಟ್ಯಾಂಕಿನ ತಲೆಗಿಂತ ಅಲ್ಲ, ತಣ್ಣೀರಿನ ಟ್ಯಾಂಕಿನ ತಲೆಗಿಂತ. ವೆಂಟ್ ಒಳಗಿನ ನೀರು ತಣ್ಣೀರಿನ ಟ್ಯಾಂಕಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಬಿಸಿನೀರು ಹಗುರವಾದ್ದರಿಂದ ಇನ್ನೂ ಒಂದೆರಡು ಇಂಚು ಮೇಲೆ ನಿಲ್ಲುತ್ತದೆ.

ಅದಕ್ಕೆ ಎರಡು ಕೆಲಸ. ನೀರು ಬಿಸಿಯಾದಾಗ ಅದರಲ್ಲಿ ಕರಗಿರುವ ಗಾಳಿ ಗುಳ್ಳೆಯಾಗಿ ಬಿಡುತ್ತದೆ, ಅನ್ನದ ನೀರು ಕುದಿಯೋಕೆ ಮುಂಚೆ ಪಾತ್ರೆಯ ತಳದಲ್ಲಿ ಕಾಣುತ್ತದಲ್ಲ ಅದೇ. ಆ ಗಾಳಿ ಮತ್ತು ಆವಿ ಹೊರಗೆ ಹೋಗಲು ದಾರಿ ಬೇಕು. ಇನ್ನೊಂದು ಕೆಲಸ ಗಾಳಿ ಒಳಗೆ ಬಿಡುವುದು. ಮೇಲಿನ ಟ್ಯಾಂಕ್ ಖಾಲಿಯಾಗಿದೆ, ಕೆಳಗೆ ಯಾರೋ ನಲ್ಲಿ ಬಿಟ್ಟಿದ್ದಾರೆ ಅಂದುಕೊಳ್ಳಿ. ಎರಡು ಮಹಡಿ ಕೆಳಗಿನವರೆಗೆ ಇರುವ ನೀರಿನ ಭಾರ ಸೋಲಾರ್ ಟ್ಯಾಂಕನ್ನು ಒಳಗಿನಿಂದ ಎಳೆಯುತ್ತದೆ. ವೆಂಟ್ ತೆರೆದಿದ್ದರೆ ಗಾಳಿ ನುಗ್ಗಿ ಸರಿಹೋಗುತ್ತದೆ. ಮುಚ್ಚಿದ್ದರೆ ಒಳಗಿನ ತೆಳು ಸ್ಟೀಲ್ ಟ್ಯಾಂಕ್ ಖಾಲಿ ಬಾಟಲಿ ಹೀರಿದ ಹಾಗೆ ಒಳಕ್ಕೆ ಮಡಚಿಕೊಳ್ಳುತ್ತದೆ. ಹಾಗೆ ಆದ ಟ್ಯಾಂಕನ್ನು ರಿಪೇರಿ ಮಾಡಲು ಆಗುವುದಿಲ್ಲ.

ಆದ್ದರಿಂದ ವೆಂಟಿಗೆ ವಾಲ್ವ್ ಹಾಕಬೇಡಿ, ನೀರು ತೊಟ್ಟಿಕ್ಕುತ್ತಿದೆ ಅಂತ ಕ್ಯಾಪ್ ಹಾಕಬೇಡಿ, ಬಟ್ಟೆ ತುರುಕಬೇಡಿ. ಕಣಜ ಗೂಡು ಕಟ್ಟದ ಹಾಗೆ ಬಾಯಿಗೆ ಒಂದು ಜಾಲರಿ ಕಟ್ಟಬಹುದು, ಆದರೆ ಆರು ತಿಂಗಳಿಗೊಮ್ಮೆ ನೋಡಬೇಕು.

ನಮ್ಮ ವೆಂಟಿನಿಂದ ಯಾವಾಗಲೂ ನೀರು ಸುರಿಯುತ್ತದೆ. ಯಾಕೆ?

ಯಾವಾಗ ಸುರಿಯುತ್ತದೆ ಅಂತ ಮೊದಲು ಗಮನಿಸಿ, ಅರ್ಧ ಉತ್ತರ ಅಲ್ಲೇ ಇದೆ. ಮೋಟಾರ್ ಹಾಕಿ ಟ್ಯಾಂಕ್ ತುಂಬಿದಾಗ ಮಾತ್ರ ಬಂದರೆ ವೆಂಟ್ ಗಿಡ್ಡ, ಉದ್ದ ಮಾಡಿಸಿ. ಮಧ್ಯಾಹ್ನ ಬಿಸಿಲಲ್ಲಿ ಮಾತ್ರ ಬಂದರೆ ಮೇಲೆ ಹೇಳಿದ ಎನ್‌ಆರ್‌ವಿ ವಿಚಾರ. ಹೊತ್ತಿಲ್ಲದ ಹೊತ್ತಲ್ಲಿ, ರಾತ್ರಿ ಕೂಡ ಬಂದರೆ ಕೆಳಗೆ ಎಲ್ಲೋ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿದೆ. ತಣ್ಣೀರಿಗೆ ಪ್ರೆಶರ್ ಪಂಪ್ ಹಾಕಿರುವ ಮನೆಗಳಲ್ಲಿ ಇದು ಸಾಮಾನ್ಯ. ಹ್ಯಾಂಡ್ ಶವರ್‌ನ ತುದಿ ಬಂದ್ ಮಾಡಿ ಮಿಕ್ಸರ್‌ನ ಎರಡೂ ಕಡೆ ತೆರೆದೇ ಬಿಟ್ಟಿದ್ದರೆ ಪಂಪಿನ ತಣ್ಣೀರು ಮಿಕ್ಸರ್ ಮೂಲಕ ಬಿಸಿನೀರಿನ ಪೈಪು ಹತ್ತಿ, ಸೋಲಾರ್ ತಲುಪಿ, ವೆಂಟಿನಿಂದ ಹೊರಗೆ ಬೀಳುತ್ತದೆ. ಒಂದೊಂದೇ ಮಿಕ್ಸರ್ ಬಂದ್ ಮಾಡುತ್ತಾ ಬನ್ನಿ. ಯಾವುದನ್ನು ಬಂದ್ ಮಾಡಿದಾಗ ವೆಂಟ್ ನಿಲ್ಲುತ್ತದೋ ಅದೇ ಕಳ್ಳದಾರಿ.

ಏರ್ ಲಾಕ್ ಅಂದರೆ ನಿಜವಾಗಿ ಏನಾಗಿರುತ್ತೆ?

ನಮ್ಮ ಅಕ್ಕನ ಮನೆಯ ಉದಾಹರಣೆಯಲ್ಲೇ ಹೇಳುತ್ತೇನೆ. 200 ಲೀಟರ್ ಟ್ಯೂಬ್ ಸೋಲಾರ್. 1000 ಲೀಟರ್ ಟ್ಯಾಂಕ್, ಕಬ್ಬಿಣದ ಸ್ಟ್ಯಾಂಡ್ ಮೇಲೆ, ತಳ ಟೆರೇಸಿನಿಂದ ಆರೂವರೆ ಅಡಿ. ಬೆಳಿಗ್ಗೆ ಆರಕ್ಕೆ ಭಾವ ಸ್ನಾನ ಮಾಡುವಾಗ ಬಿಸಿನೀರು ಚೆನ್ನಾಗಿ ಬರುತ್ತಿತ್ತು. ಎಂಟೂವರೆಗೆ ಅಕ್ಕ ಹೋಗುವಷ್ಟರಲ್ಲಿ ಬುಸ್ ಬುಸ್ ಅಂದು, ದಾರದ ಹಾಗೆ ಬಂದು, ನಿಂತೇಹೋಗುತ್ತಿತ್ತು. ತಣ್ಣೀರು ಮಾತ್ರ ಜೋರು. ಹಾಕಿಕೊಟ್ಟವರನ್ನು ಕೇಳಿದರೆ "ನಿಮ್ಮ ಮನೆಗೆ 200 ಸಾಲಲ್ಲ, 300 ಹಾಕಿಸಿ" ಅಂದಿದ್ದರು. ಅಕ್ಕ ದುಡ್ಡು ಹೊಂದಿಸುತ್ತಿದ್ದಳು.

ನಾನು ಒಂದು ಬೆಳಿಗ್ಗೆ ನಿಂತ ಹೊತ್ತಿಗೇ ಹೋದೆ. ಸೋಲಾರ್ ಟ್ಯಾಂಕಿನ ಬಿಸಿನೀರಿನ ಬಾಯಿ ಮುಟ್ಟಿದರೆ ಕೈ ಸುಟ್ಟಿತು, ಅಂದರೆ ಬಿಸಿನೀರು ಮುಗಿದಿಲ್ಲ. ಪೈಪು ಹಿಡಿದು ಹೋದೆ. ಮೆಟ್ಟಿಲ ಮನೆಯ ಬಾಗಿಲ ಹತ್ತಿರ ಕಾಲಿಗೆ ತೊಡರುತ್ತದೆ ಅಂತ ಪೈಪನ್ನು ಬಾಗಿಲ ಮೇಲಿಂದ ಹಾಯಿಸಿದ್ದರು. ಎಂಟು ಅಡಿ ಎತ್ತರದಲ್ಲಿ. ಗಾರೆಯವರು ಮಟ್ಟ ನೋಡಲು ಇಟ್ಟುಕೊಳ್ಳುವ ಲೆವೆಲ್ ಟ್ಯೂಬ್ ನನ್ನ ಗಾಡಿಯಲ್ಲಿ ಇತ್ತು. ಅದರ ಒಂದು ತುದಿ ಟ್ಯಾಂಕಿನ ನೀರಿನ ಮಟ್ಟಕ್ಕೆ, ಇನ್ನೊಂದು ಬಾಗಿಲ ಮೇಲಿನ ಪೈಪಿನ ಪಕ್ಕಕ್ಕೆ ಹಿಡಿದೆ. ಟ್ಯಾಂಕಿನ ನೀರು ಆ ಪೈಪಿಗಿಂತ ನಾಲ್ಕು ಬೆರಳು ಕೆಳಗೆ ಇತ್ತು.

ಭಾವನಿಗೆ "ಮೋಟಾರ್ ಹಾಕಿ" ಅಂದೆ. ಅಕ್ಕ ಕೆಳಗೆ ಬಚ್ಚಲ ನಲ್ಲಿ ತೆರೆದು ನಿಂತಳು. ಟ್ಯಾಂಕಿನ ನೀರು ಏರುತ್ತಾ ಬಂದು ಪೈಪಿನ ಮಟ್ಟ ದಾಟಿದ ತಕ್ಷಣ ಬಾಗಿಲ ಮೇಲಿನ ಪೈಪಿನೊಳಗೆ ಗುಳುಗುಳು ಸದ್ದು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅಕ್ಕ "ಬಂತು, ಬಂತು ಕಣೋ" ಅಂತ ಕೂಗಿದಳು.

ಪೈಪಿನ ಡುಬ್ಬದಲ್ಲಿ ಗಾಳಿ ಇಲ್ಲದೆ ಪೂರ್ತಿ ನೀರು ತುಂಬಿದ್ದರೆ, ಟ್ಯಾಂಕಿನ ಮಟ್ಟ ಸ್ವಲ್ಪ ಕೆಳಗಿದ್ದರೂ ನೀರು ಎಳೆದುಕೊಂಡು ಹರಿಯುತ್ತದೆ, ಡ್ರಮ್ಮಿನಿಂದ ಟ್ಯೂಬ್ ಹಾಕಿ ಬಾಯಲ್ಲಿ ಎಳೆದು ನೀರು ಬಿಡುತ್ತೀವಲ್ಲ, ಹಾಗೆ. ಆದರೆ ಬಿಸಿನೀರಿನಿಂದ ಬಿಡುವ ಗುಳ್ಳೆಗಳೆಲ್ಲ ಹೋಗಿ ಸೇರುವುದು ಆ ಡುಬ್ಬದಲ್ಲೇ. ಗಾಳಿ ಸೇರಿದ ಮೇಲೆ ಎಳೆತ ಕಡಿದುಹೋಗುತ್ತದೆ. ಆಗ ನೀರು ಡುಬ್ಬವನ್ನು ಹತ್ತಿ ಆಚೆ ಬೀಳಬೇಕು. ಅದನ್ನು ತಳ್ಳುವುದಕ್ಕೆ ಇರುವ ಬಲ ಟ್ಯಾಂಕಿನ ನೀರಿನ ಮಟ್ಟಕ್ಕೂ ಡುಬ್ಬದ ತಲೆಗೂ ಇರುವ ಎತ್ತರ ಅಷ್ಟೇ, ಕೆಳಗಿನ ನಲ್ಲಿವರೆಗಿನ ಇಪ್ಪತ್ತು ಅಡಿ ಲೆಕ್ಕಕ್ಕೆ ಬರುವುದಿಲ್ಲ. ಅಕ್ಕನ ಮನೆಯಲ್ಲಿ ಟ್ಯಾಂಕ್ ತುಂಬಿದಾಗ ಎರಡು ಅಡಿ ಸಿಗುತ್ತಿತ್ತು, ಅರ್ಧವಾದಾಗ ಬರೀ ಮೂರು ಇಂಚು, ಅದಕ್ಕಿಂತ ಇಳಿದರೆ ಏನೂ ಇಲ್ಲ.

ಪೈಪು ಕತ್ತರಿಸಿ, ಮೆಟ್ಟಿಲ ಮನೆಯ ಹಿಂದಿನಿಂದ ಪ್ಯಾರಾಪೆಟ್ ಬುಡದಲ್ಲಿ ಇಳಿಜಾರಾಗಿ ಹಾಯಿಸಿದೆ. ನಾಲ್ಕು ಮೀಟರ್ ಪೈಪು ಜಾಸ್ತಿ ಹಿಡಿಯಿತು. ಬೆಳಿಗ್ಗೆ ಇನ್ನೊಂದು ಲೀಟರ್ ತಣ್ಣೀರು ಹಿಡಿದಿಡಬೇಕು, ಅಷ್ಟೇ. ಅದೇ 200 ಲೀಟರ್ ಈಗ ಎಲ್ಲರಿಗೂ ಸಾಕಾಗುತ್ತಿದೆ.

ಏರ್ ಲಾಕ್ ಆಗಿದೆ, ಪ್ಲಂಬರ್ ನಾಳೆ ಬರ್ತಾರೆ. ಈಗ ನಾವೇ ಏನು ಮಾಡಬಹುದು?

ಮೊದಲು ಮೋಟಾರ್ ಹಾಕಿ ಮೇಲಿನ ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ. ಸೋಲಾರ್‌ನ ತಣ್ಣೀರಿನ ವಾಲ್ವ್ ಪೂರ್ತಿ ತೆರೆದಿದೆಯಾ ನೋಡಿ. ಮನೆಯ ಎಲ್ಲ ಬಿಸಿನೀರಿನ ನಲ್ಲಿ ಬಂದ್ ಮಾಡಿ, ಎಲ್ಲಕ್ಕಿಂತ ಕೆಳಗಿರುವ ಒಂದನ್ನು ಮಾತ್ರ ಪೂರ್ತಿ ತೆರೆದು ಐದು ಹತ್ತು ನಿಮಿಷ ಬಿಡಿ. ಬುಸ್ ಅಂತ ಗಾಳಿ ಬಂದು, ಕೆಮ್ಮಿದ ಹಾಗೆ ನೀರು ಉಗುಳಿ, ಆಮೇಲೆ ಧಾರೆ ಕಟ್ಟಬೇಕು. ಇಷ್ಟಕ್ಕೇ ಸರಿಹೋಗುವ ಮನೆಗಳು ಬಹಳ ಇವೆ. ಕೈ ಅಡ್ಡ ಇಡಬೇಡಿ, ಗಾಳಿಯ ಹಿಂದೆಯೇ ಸುಡುನೀರು ಬರುತ್ತದೆ.

ಆಗಲಿಲ್ಲ ಅಂದರೆ ಕೆಳಗಿನಿಂದ ಉಲ್ಟಾ ತಳ್ಳಬೇಕು. ತಣ್ಣೀರಿನ ನಲ್ಲಿಗೂ ಬಿಸಿನೀರಿನ ನಲ್ಲಿಗೂ ಒಂದು ಗಟ್ಟಿ ಪೈಪು ಸಿಕ್ಕಿಸಿ, ಎರಡೂ ಕಡೆ ಕ್ಲಿಪ್ ಬಿಗಿದು, ಬೇರೆ ಬಿಸಿನೀರಿನ ನಲ್ಲಿ ಮತ್ತು ಗೀಸರ್ ವಾಲ್ವ್ ಬಂದ್ ಮಾಡಿ, ಎರಡನ್ನೂ ನಿಧಾನಕ್ಕೆ ತೆರೆಯಿರಿ. ಆದರೆ ಆ ತಣ್ಣೀರಿಗೆ ಪ್ರೆಶರ್ ಪಂಪ್ ಇರಬೇಕು. ಎರಡೂ ಒಂದೇ ಓವರ್‌ಹೆಡ್ ಟ್ಯಾಂಕಿನ ನೀರಾದರೆ ಎರಡೂ ಕಡೆ ಒಂದೇ ಒತ್ತಡ, ತಕ್ಕಡಿಯ ಹಾಗೆ ನಿಂತುಬಿಡುತ್ತದೆ, ಗಾಳಿ ಜಗ್ಗುವುದಿಲ್ಲ. ಪಂಪ್ ಇಲ್ಲದವರು ಬಕೆಟ್ಟಿನಿಂದ ಸಣ್ಣ ಮೋಟಾರ್ ಇಟ್ಟು ತಳ್ಳಬಹುದು. ಬೀದಿಯ ಕಾರ್ಪೊರೇಷನ್ ನಲ್ಲಿಗೆ ನೇರ ಸಿಕ್ಕಿಸಬೇಡಿ. ಅಲ್ಲಿ ನೀರು ನಿಂತರೆ ನಿಮ್ಮ ಟ್ಯಾಂಕಿನ ನೀರು ಬೀದಿಯ ಪೈಪಿಗೆ ಇಳಿಯುತ್ತದೆ.

ಇದನ್ನು ಬೆಳಿಗ್ಗೆ ಬಿಸಿಲೇರುವ ಮುಂಚೆ ಮಾಡಿ. ಒಬ್ಬರು ಟೆರೇಸಿನಲ್ಲಿ ವೆಂಟಿನಿಂದ ದೂರ ನಿಂತು ನೋಡಲಿ. ವೆಂಟಿನಲ್ಲಿ ಗಾಳಿ ಬುಸುಗುಟ್ಟಿದರೆ ಕೆಲಸ ಆಯಿತು, ಕೂಡಲೇ ನಿಲ್ಲಿಸಿ. ಎರಡು ಮೂರು ನಿಮಿಷಕ್ಕಿಂತ ಜಾಸ್ತಿ ಬೇಡ. ವೆಂಟ್ ಕಟ್ಟಿದೆ ಅನ್ನುವ ಅನುಮಾನ ಸ್ವಲ್ಪ ಇದ್ದರೂ ಈ ಕೆಲಸಕ್ಕೆ ಕೈ ಹಾಕಬೇಡಿ, ಈ ಟ್ಯಾಂಕುಗಳು ಪಂಪಿನ ಒತ್ತಡ ತಡೆಯುವಂಥವಲ್ಲ. ಬಿಸಿನೀರಿನ ಪೈಪಿನಲ್ಲಿ ಎನ್‌ಆರ್‌ವಿ ಇದ್ದರೆ ಉಲ್ಟಾ ತಳ್ಳಲು ಆಗುವುದೇ ಇಲ್ಲ.

ಡುಬ್ಬದ ಮೇಲೆ ಇನ್ನೊಂದು ವೆಂಟ್ ಹಾಕಿದರೆ ಮುಗೀತಲ್ವಾ?

ಡುಬ್ಬ ಓವರ್‌ಹೆಡ್ ಟ್ಯಾಂಕಿನ ತಳಕ್ಕಿಂತ ಕೆಳಗಿದ್ದರೆ ಆಗುತ್ತದೆ. ಮೂರಡಿ ಪ್ಯಾರಾಪೆಟ್ ಹತ್ತಿಸಿ ಇಳಿಸಿರುವ ಪೈಪಿಗೆ ಇದು ಒಳ್ಳೆಯ ಪರಿಹಾರ. ಡುಬ್ಬದ ತಲೆಯಲ್ಲಿ ಟೀ ಹಾಕಿ, ಅರ್ಧ ಇಂಚಿನ ಪೈಪನ್ನು ಟ್ಯಾಂಕಿನ ತಲೆಗಿಂತ ಒಂದು ಅಡಿ ಮೇಲಕ್ಕೆ ಎತ್ತಿ ಬಾಯಿ ಬಿಡಿ. ಅಕ್ಕನ ಮನೆಯಂಥ ಕಡೆ ಮಾತ್ರ ಹಾಕಬೇಡಿ. ಅಲ್ಲಿ ಟ್ಯಾಂಕಿನ ಮಟ್ಟ ಡುಬ್ಬಕ್ಕಿಂತ ಇಳಿಯುತ್ತದೆ. ವೆಂಟ್ ಹಾಕಿದರೆ ಇದ್ದಬದ್ದ ಎಳೆತವೂ ಹೋಗಿ, ಮಟ್ಟ ಇಳಿದ ಕೂಡಲೇ ನೀರು ನಿಲ್ಲುತ್ತದೆ. ಅಂಥ ಕಡೆ ಪೈಪಿನ ದಾರಿ ಬದಲಿಸಲೇಬೇಕು.

ಸೋಲಾರ್ ಪೂರ್ತಿ ಖಾಲಿಯಾಗಿದೆ. ಈಗಲೇ ನೀರು ಬಿಡಲಾ?

ಗಾಜಿನ ಟ್ಯೂಬಿನದಾದರೆ ಬಿಸಿಲಿರುವಾಗ ಬೇಡ. ನೀರಿಲ್ಲದ ಟ್ಯೂಬಿನ ಒಳಗೆ ಶಾಖ 200 ಡಿಗ್ರಿ ದಾಟುತ್ತದೆ. ಅದಕ್ಕೆ ತಣ್ಣೀರು ತಾಗಿದರೆ ಟ್ಯೂಬ್ ಟಪ್ ಅಂತ ಒಡೆಯುತ್ತದೆ. ತಣ್ಣೀರಿನ ವಾಲ್ವ್ ಬಂದ್ ಮಾಡಿಟ್ಟು, ಹೊತ್ತು ಮುಳುಗಿ ಎರಡು ಮೂರು ಗಂಟೆ ಆದ ಮೇಲೆ, ಅಥವಾ ಬೆಳಗಿನ ಜಾವ ತುಂಬಿಸಿ. ವಾಲ್ವ್ ಕಾಲು ಭಾಗ ಮಾತ್ರ ತೆರೆಯಿರಿ. ನಿಧಾನಕ್ಕೆ ತುಂಬಿದರೆ ಗಾಳಿ ವೆಂಟಿನ ದಾರಿಯಲ್ಲೇ ಹೋಗುತ್ತದೆ. ವೆಂಟ್ ಬಾಯಿಗೆ ಅಂಗೈ ಹಿಡಿದರೆ ಗಾಳಿ ತಾಗುವುದು ಗೊತ್ತಾಗುತ್ತದೆ. ಅದು ನಿಂತಾಗ ಟ್ಯಾಂಕ್ ತುಂಬಿದೆ ಅಂತ ಅರ್ಥ. ಆಮೇಲೆ ಕೆಳಗಿನ ನಲ್ಲಿ ತೆರೆದು ಪೈಪಿನ ಗಾಳಿ ಬಿಡಿ, ಧಾರೆ ಕಟ್ಟಿದ ಮೇಲೆ ವಾಲ್ವ್ ಪೂರ್ತಿ ತೆರೆಯಿರಿ.